ತಂತಿ ಅಳಿಸಿದ ಆಕಾಶ

ಆಲ್ಬಂ ಕೌಂಟರಿನ ಗಾಜಿನ ಮೇಲೆ ದಪ್ಪನೆ ಬಿತ್ತು. ಗಾಜು ಬಿರುಕು ಬಿಡದೆ ಉಳಿದದ್ದೇ ಹೆಚ್ಚು.

"ತಂತಿ ಎಲ್ಲವ್ವಾ?" ಎಂದಳು ಸಿದ್ದಲಿಂಗಮ್ಮ. "ನಮ್ಮನೆ ಮುಂದ್ಲ ಕರೆಂಟ್ ತಂತಿ ಎಲ್ಲಿ? ತೋರ್ಸು ನಂಗೆ."

ಸುಧಾ ಕಂಪ್ಯೂಟರಿನಿಂದ ಕತ್ತು ತಿರುಗಿಸಿದಳು. ಸರಗೂರು ಬಸ್ ಸ್ಟ್ಯಾಂಡಿನ ಹಿಂದಿನ ಈ ಸ್ಟುಡಿಯೋದಲ್ಲಿ ಫೋಟೊ ತೆಗೆಯುವವನು ಅವಳ ಗಂಡ ಕನಕರಾಜು, ಮುಖಗಳನ್ನು ತಿದ್ದಿ ಆಲ್ಬಂ ಕೂರಿಸುವವಳು ಅವಳು. ಸಿದ್ದಲಿಂಗಮ್ಮನ ಗೃಹಪ್ರವೇಶದ ಆಲ್ಬಮ್ಮನ್ನೂ ಅವಳೇ ಕೂರಿಸಿದ್ದಳು. ಆಮೇಲೆ ತಿಂಗಳು ತುಂಬುವಷ್ಟರಲ್ಲಿ ಆ ಮನೆಯ ಯಜಮಾನ ಮಂಚಯ್ಯ ಕರೆಂಟು ಹೊಡೆದು ಸತ್ತ ಸುದ್ದಿಯೂ ಬಂದಿತ್ತು. ಹೋಗಿ ನೋಡಿಕೊಂಡು ಬಂದಿದ್ದಳು. ಆಗ ಒಂದು ಮಾತೂ ಆಡದೆ ಗೋಡೆಗೆ ಒರಗಿ ಕೂತಿದ್ದ ಹೆಂಗಸು ಈಗ ಎದುರಿಗೆ ನಿಂತು ಆಲ್ಬಮ್ಮಿನ ಮೇಲೆ ಬೆರಳು ಕುಟ್ಟುತ್ತಿದ್ದಳು.

"ಕೂತ್ಕೊಳ್ಳಿ ಅಕ್ಕ. ಏನಾಯ್ತು ಹೇಳಿ."

"ಕೂರಕ್ ಬಂದಿಲ್ಲ ನಾನು. ಕರೆಂಟ್ ಆಫೀಸಿನ ಲೈನ್ ಸಾಹೇಬ ರಿಪೋರ್ಟಲ್ಲಿ ಏನ್ ಬರ್ದವ್ನೆ ಗೊತ್ತಾ? ನಮ್ಮೆಜಮಾನ್ರು ಹುಕ್ ಹಾಕಿ ಕರೆಂಟ್ ಕದಿಯಕ್ ಹೋಗಿ ಸತ್ರಂತೆ. ತಂತಿ ಮೇಲೆ ಇತ್ತಂತೆ, ಇವ್ರು ಪೈಪ್ ಎತ್ತಿ ಮುಟ್ಟುದ್ರಂತೆ. ಬರ್ದಿದ್ದು ಸಾಲ್ದು ಅಂತ ಡೇರಿ ಮುಂದೆ ನಿಂತ್ಕಂಡು, ಹಾಲಾಕಕ್ ಬಂದೋರ್‌ಗೆಲ್ಲ ಹೇಳವ್ನೆ, ಕಳ್ಳತನ ಮಾಡಕೋದ್ರೆ ಇಂಗೇ ಆಗೋದು ಅಂತ. ಈಗ ನಾನು ಕ್ಯಾನ್ ಇಡ್ಕಂಡು ಹೋದ್ರೆ ಜನ ಮಾತು ನಿಲ್ಲುಸ್ತರೆ ಕಣವ್ವ."

ಮಂಚಯ್ಯ ಅಂದು ಹೊಲಕ್ಕೆ ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪನ್ನು ಹೆಗಲ ಮೇಲೆ ಹೊತ್ತು ಅಂಗಳ ದಾಟುತ್ತಿದ್ದ. ತಿರುಗುವಾಗ ಪೈಪಿನ ತುದಿ ಎದ್ದು ಜೋತುಬಿದ್ದ ತಂತಿಗೆ ತಗುಲಿತು. ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೆ ಹೆಣ ಮಣ್ಣಾಗುವಷ್ಟರಲ್ಲಿ ಲೈನಿನವರು ಬಂದು, ನಡುವೆ ಹೊಸ ಕಂಬ ನೆಟ್ಟು, ತಂತಿಯನ್ನು ಬಿಗಿದು ಹೋಗಿದ್ದರು. ಈಗ ಯಾರು ನೋಡಿದರೂ ತಂತಿ ಎಟುಕದ ಎತ್ತರದಲ್ಲೇ ಇದೆ. ವಿಚಾರಣೆಗೆ ಮೈಸೂರಿನಿಂದ ವಿದ್ಯುತ್ ಪರಿವೀಕ್ಷಕರು ಬಂದಾಗ, ಊರಿನವರು ಲೈನ್ ಸಾಹೇಬನ ಮುಖ ನೋಡಿ ನಾಲಗೆ ನುಂಗಿಕೊಂಡರು. ನಾಳೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅವನ ಕಾಲೇ ಹಿಡಿಯಬೇಕಲ್ಲ. ಆಗ ಸಿದ್ದಲಿಂಗಮ್ಮನಿಗೆ ಆಲ್ಬಂ ನೆನಪಾಯಿತು. ಹೊಸ ಮನೆಯ ಮುಂದೆ ಮನೆಮಂದಿಯೆಲ್ಲ ನಿಂತ ಫೋಟೊ. ಅದನ್ನು ತೆಗೆಯುವಾಗ ತಲೆಯ ಮೇಲೇ ತಂತಿ ತೂಗುತ್ತಿತ್ತು, ಅವಳು ಕಣ್ಣಾರೆ ಕಂಡಿದ್ದಳು.

"ಎದೆ ಉಬ್ಬಿಸ್ಕಂಡು ಆಲ್ಬಮ್ ತಗ್ದು ಕೊಟ್ಟೆ. ಲೈನ್ ಸಾಹೇಬ ಪುಟ ತಿರುಗ್ಸಿ ನಕ್ಕ. 'ಎಲ್ಲಮ್ಮ ತಂತಿ, ನೀಲಿ ಆಕಾಶ ಅದೆಯಲ್ಲ' ಅಂದ. ಆಮೇಲೆ ಆ ಮೈಸೂರ್ ಸಾಹೇಬ್ರು ಕಿಟಕಿ ಹತ್ರ ಹಿಡ್ದು ನೋಡುದ್ರು. 'ಇದನ್ನ ತಿದ್ದವ್ರೆ, ತೇಪೆ ಕಾಣ್ತದೆ' ಅಂದ್ರು. ತಗಳಪ್ಪ! ಕಳ್ಳನ ಹೆಂಡ್ತಿ, ಈಗ ಸುಳ್ಳು ಫೋಟೊ ತಂದೋಳೂ ಆದೆ."

ಸುಧಾ ಆಲ್ಬಂ ಬಿಡಿಸಿದಳು. ಎರಡು ಪುಟಕ್ಕೂ ಹರಡಿದ ದೊಡ್ಡ ಫೋಟೊ. ಮುಖಗಳೆಲ್ಲ ಅವಳು ತಿದ್ದಿದವು. ಆಕಾಶ ಮಾತ್ರ ಅವಳದಲ್ಲ, ಮುಖ ತಿದ್ದುವ ಭರದಲ್ಲಿ ಅತ್ತ ಅವಳು ನೋಡಿಯೂ ಇರಲಿಲ್ಲ. ಬೆಳಕಿಗೆ ಓರೆ ಮಾಡಿ ಹಿಡಿದಾಗ ಅವಳ ಮೈ ಉರಿಯಿತು. ಮನೆಯ ಎಡಗಡೆಯಿಂದ ಶುರುವಾಗಿ, ಮಂಚಯ್ಯನ ಪೇಟದ ಹತ್ತಿರಕ್ಕೆ ಇಳಿದು, ಮತ್ತೆ ಬಲಕ್ಕೆ ಏರುವ ಒಂದು ಪಟ್ಟಿ. ಅದರುದ್ದಕ್ಕೂ ಸಾಸಿವೆ ಕಾಳಿನಷ್ಟು ಚಿಕ್ಕ ಚಿಕ್ಕ ಚೌಕಗಳು, ಒಂದರ ಅಂಚು ಇನ್ನೊಂದರ ಅಂಚಿಗೆ ಕೂಡದೆ ಸೊಟ್ಟ ಕೂತಿದ್ದವು.

"ರೀ!" ಎಂದು ಕೂಗಿದಳು. ಕೂಗು ಹಿಂದಿನ ಕೋಣೆ ದಾಟಿ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. "ಬನ್ನಿ ಇಲ್ಲಿ!"

ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ ಕನಕರಾಜು ಕತ್ತರಿ ಹಿಡಿದೇ ಬಂದ. ಆಲ್ಬಂ ಕಂಡೊಡನೆ ಅವನಿಗೆ ವಿಷಯ ಹೊಳೆಯಿತು.

"ತಂತಿ ಅಳಿಸಿದ್ದು ನೀವಾ?"

"ಎಲ್ಲಾ ಫೋಟೊದಲ್ಲೂ ಅಳುಸ್ತೀವಲ್ಲ ಕಣೇ. ತಂತಿ, ಕಂಬ, ತಿಪ್ಪೆ, ಒಣಗಾಕಿದ ಬಟ್ಟೆ... ಕ್ಲೀನ್ ಮಾಡ್ದೆ ಕೊಟ್ರೆ ಗಿರಾಕಿ ಬೈತರೆ."

ಅದು ಸುಳ್ಳಲ್ಲ. ಈ ಸೀಮೆಯ ಯಾವ ಸ್ಟುಡಿಯೋದ ಫೋಟೊ ತೆಗೆದು ನೋಡಿ, ಯಾವ ಮನೆಯ ಮೇಲೂ ತಂತಿ ಇಲ್ಲ, ಯಾವ ಅಂಗಳದಲ್ಲೂ ಕಸವಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ತುಂಬ ತಂತಿಯೇ ಇಲ್ಲದೆ ಬಲ್ಬು ಉರಿಯುತ್ತಿದೆ ಅನ್ನಬೇಕು. ಆದರೂ ಸುಧಾಳ ಸಿಟ್ಟು ಇಳಿಯಲಿಲ್ಲ.

"ಯಾರ್ ಹೇಳಿದ್ರು ನಿಮಗೆ ಅಳಿಸಿ ಅಂತ?"

ಕನಕರಾಜು ಸಿದ್ದಲಿಂಗಮ್ಮನ ಕಡೆ ನೋಡದೆ ಹೇಳಿದ. "ಮಂಚಣ್ಣನೇ ಹೇಳಿದ್ದು. 'ಈ ಹಾಳ್ ತಂತಿ ಮೇಲೆತ್ರಪ್ಪ ಅಂತ ಲೈನ್‌ಮನ್‌ಗೆ ಹೇಳಿ ಹೇಳಿ ಸಾಕಾಯ್ತು, ಫೋಟೊದಲ್ಲಾದ್ರೂ ತಗ್ದಾಕಪ್ಪ ಕನಕರಾಜು' ಅಂತ."

ಸಿದ್ದಲಿಂಗಮ್ಮ ಕೌಂಟರಿನ ಅಂಚು ಹಿಡಿದುಕೊಂಡಳು.

"ಅಂದಿದ್ರು," ಎಂದಳು. "ನಾನೇ ಪಕ್ದಲ್ಲಿದ್ದೆ. ನಕ್ಕೂ ನಕ್ಕಿದ್ದೆ, ತಮಾಸೆಗಂದ್ರು ಅನ್ಕಂಡು."

ಸುಧಾ ಫೋಟೊದ ಮೇಲೆ ಬೆರಳು ಓಡಿಸಿದಳು. ಅವಳಿಗೆ ಈಗ ಗಂಡನ ಮೇಲೆ ಇದ್ದ ಸಿಟ್ಟು ಎರಡು ಬಗೆಯದು. ಅಳಿಸಿದ್ದಕ್ಕೆ ಒಂದು. ಕೆಟ್ಟದಾಗಿ ಅಳಿಸಿದ್ದಕ್ಕೆ ಇನ್ನೊಂದು.

"ಅಳಿಸಿದ್ರೆ ಇದ್ಯಾಕವ್ವ ಇಂಗೆ ಚೌಕ ಚೌಕವಾಗಿ ಎದ್ದದೆ?" ಸಿದ್ದಲಿಂಗಮ್ಮ ಕೇಳಿದಳು. "ಸೀರೆಗೆ ತೇಪೆ ಹಾಕ್ದಂಗೆ."

"ನಿಮ್ಮ ಸೊಪ್ಪಿನ ಪಾತಿ ಇದೆಯಲ್ಲ ಅಕ್ಕ, ಹಂಗೆ ಅಂದ್ಕೊಳ್ಳಿ," ಎಂದಳು ಸುಧಾ. "ಕ್ಯಾಮೆರಾ ಜೆಪೆಗ್ ಅಂತ ಫೋಟೊ ಕೊಡುತ್ತಲ್ಲ, ಅದು ಜಾಗ ಉಳಿಸೋಕೆ ಇಡೀ ಫೋಟೊವನ್ನ ಸಣ್ಣ ಸಣ್ಣ ಪಾತಿ ಮಾಡುತ್ತೆ. ಉದ್ದಕ್ಕೆ ಎಂಟು ಚುಕ್ಕಿ, ಅಗಲಕ್ಕೆ ಎಂಟು ಚುಕ್ಕಿ. ಒಂದೊಂದು ಪಾತಿಯನ್ನೂ ಬೇರೆ ಬೇರೆಯಾಗಿ ನೋಡಿ, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ವ್ಯತ್ಯಾಸವನ್ನೆಲ್ಲ ಎಸೆದುಬಿಡುತ್ತೆ. ಪಕ್ಕದ ಪಾತಿಯಲ್ಲಿ ಏನಿದೆ ಅಂತ ನೋಡಲ್ಲ. ಅದಕ್ಕೇ ಪಾತಿ ಪಾತಿ ಮಧ್ಯೆ ತೆಳ್ಳಗೆ ಬದು ಏಳುತ್ತೆ. ಎಲ್ಲ ಬದುವೂ ಸಾಲಾಗಿದ್ದರೆ ಕಣ್ಣಿಗೆ ಗೊತ್ತಾಗಲ್ಲ. ಈಗ ಇವರು ಏನು ಮಾಡಿದ್ದಾರೆ, ತಂತಿ ಮುಚ್ಚೋಕೆ ಪಕ್ಕದ ಆಕಾಶದಿಂದ ಒಂದೊಂದು ತುಂಡು ಎತ್ತಿ ತಂದು ಕೂರಿಸಿದ್ದಾರೆ. ಬದು ಸಮೇತ ಎತ್ತಿ ತಂದಿದ್ದಾರೆ."

"ಒಂದ್ರ ಬದು ಇನ್ನೊಂದ್ರ ನಡುಮಧ್ಯಕ್ಕೆ ಬಿದ್ದದೆ ಅನ್ನು."

"ಅದೇ ಅಕ್ಕ. ಅಲ್ಲಿಗೂ ಮುಗಿಯಲಿಲ್ಲ. ಮತ್ತೆ ಜೆಪೆಗ್ ಮಾಡೇ ಸೇವ್ ಮಾಡಿದ್ರೆ, ಹಳೆ ಬದು ಇರೋ ಜಾಗದ ಮೇಲೇ ಮತ್ತೆ ಹೊಸದಾಗಿ ಪಾತಿ ಕಟ್ಟುತ್ತೆ, ಇನ್ನಷ್ಟು ಕೆಡುತ್ತೆ. ಆಮೇಲೆ ಇವರು ಆಕಾಶ ನೀಲಿ ಕಾಣಲಿ ಅಂತ ಬಣ್ಣ ಎಳೆದಿದ್ದಾರೆ. ಅಡಗಿದ್ದ ಬದುಗಳೆಲ್ಲ ಎದ್ದು ನಿಂತಿವೆ. ಇಲ್ಲಿ ನೋಡಿ, ಈ ಕೊಳೆ ಚುಕ್ಕಿಗಳು. ಬೆಳ್ಳಗಿನ ಆಕಾಶದಲ್ಲಿ ಕಪ್ಪು ತಂತಿ ಹಾದ ಪಾತಿಯಲ್ಲೆಲ್ಲ ಹಿಂಗೆ ಕೊಳೆ ಚೆಲ್ಲುತ್ತೆ. ತಂತಿಯ ದಪ್ಪದಷ್ಟೇ ಅಳಿಸಿದರೆ ಚೆಲ್ಲಿದ ಕೊಳೆ ಎರಡೂ ಕಡೆ ಉಳಿಯುತ್ತೆ."

"ಅಂದ್ರೆ ತಂತಿ ಇದ್ದ ಜಾಗ ಇದೇ."

"ಇದೇ."

"ಅದ್ನೇ ಹೇಳು ಬಾ ಆ ಸಾಹೇಬ್ರಿಗೆ!"

ಸುಧಾ ಆಗದು ಎಂದು ತಲೆಯಾಡಿಸಿದಳು. ತೇಪೆ ಕಂಡರೆ ಏನನ್ನೋ ಅಳಿಸಿದ್ದಾರೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಅಳಿಸಿದ್ದು ಕರೆಂಟಿನ ತಂತಿಯೋ ಬಟ್ಟೆ ಒಣಹಾಕುವ ಹಗ್ಗವೋ ಎಂದು ಲೈನ್ ಸಾಹೇಬ ಕೇಳಿದರೆ ಬಾಯಿ ಮುಚ್ಚಬೇಕು.

"ಮೈಸೂರ್ ಸಾಹೇಬ್ರೂ ಅದೇ ಅಂದ್ರು ಕಣವ್ವ. 'ತಿದ್ದಿದ್ದು ಬೇಡ, ಕ್ಯಾಮೆರಾದಿಂದ ಬಂದದ್ದು ಬಂದಂಗೆ ಇದ್ರೆ ತನ್ನಿ, ಶುಕ್ರವಾರ ಮತ್ತೆ ಬತ್ತೀನಿ' ಅಂತ. ಎಂಥದೋ ರಾ ಅಂದ್ರು."

ರಾ! ಸುಧಾ ಗಂಡನ ಕಡೆ ತಿರುಗಿದಳು. ಕ್ಯಾಮೆರಾ ಕೊಂಡಾಗಿನಿಂದ ಅವಳು ಅವನ ತಲೆ ತಿಂದಿದ್ದು ಇದೊಂದಕ್ಕೇ. ಮೈಸೂರಿನ ಲ್ಯಾಬಿನಲ್ಲಿ ಆಲ್ಬಂ ಕೆಲಸ ಕಲಿಯಲು ಹೋದಾಗ ಅಲ್ಲಿಯವರು ತೋರಿಸಿಕೊಟ್ಟಿದ್ದರು. ರಾ ಫೈಲಿನಲ್ಲಿ ಈ ಚೌಕಗಳ ಕಾಟವಿಲ್ಲ. ಕ್ಯಾಮೆರಾದ ಒಳಗಣ್ಣಿಗೆ ಬಿದ್ದ ಬೆಳಕಿನ ಲೆಕ್ಕ ಚುಕ್ಕಿ ಚುಕ್ಕಿಗೂ ಹಾಗೇ ಇರುತ್ತದೆ. ಕಪ್ಪಿನಿಂದ ಬಿಳುಪಿನವರೆಗಿನ ಬೆಳಕಿನ ಮೆಟ್ಟಿಲುಗಳೂ ಜೆಪೆಗ್‌ಗಿಂತ ಎಷ್ಟೋ ಹೆಚ್ಚು, ಹಾಗಾಗಿ ಬಣ್ಣ ಎಳೆದರೂ ಆಕಾಶ ಹರಿಯುವುದಿಲ್ಲ. ರಾ ತೆರೆದು, ತಿದ್ದುವುದನ್ನೆಲ್ಲ ತಿದ್ದಿ, ಕಟ್ಟಕಡೆಗೆ ಒಂದೇ ಸಲ ಜೆಪೆಗ್ ಮಾಡಿದರೆ ತೇಪೆಯ ಸುಳಿವೂ ಸಿಗದು. ಅವಳ ಕಾಟ ತಾಳದೆ ಕನಕರಾಜು ಕ್ಯಾಮೆರಾವನ್ನು ಎರಡೂ ಬರೆಯುವಂತೆ ಇಟ್ಟಿದ್ದ. ಆದರೆ ಹಾಗೆ ಇಟ್ಟಾಗ ಆ ಕ್ಯಾಮೆರಾ ಕೊಡುತ್ತಿದ್ದ ಜೆಪೆಗ್ ತೀರಾ ಕಳಪೆ ದರ್ಜೆಯದು, ಬರಿ ನೋಡಿಕೊಳ್ಳಲಿಕ್ಕೆ. ಕನಕರಾಜು ಅದರ ಮೇಲೇ ಕೆಲಸ ಮಾಡುತ್ತಿದ್ದ. ರಾ ತೆರೆದರೆ ಕಂಪ್ಯೂಟರ್ ನಿಂತು ಬಿಕ್ಕುತ್ತದೆ, ಯಾರು ಕಾಯುತ್ತಾರೆ?

"ಗೃಹಪ್ರವೇಶದ ರಾ ಎಲ್ಲಿ?"

"ಡಿಸ್ಕಲ್ಲಿ ಜಾಗ ಇರ್ಲಿಲ್ಲ. ಸೀಸನ್ ಅಲ್ವಾ, ಹಳೇದೆಲ್ಲ ಡಿಲೀಟ್ ಮಾಡ್ದೆ."

"ತಿದ್ದೋ ಮುಂಚಿನ ಜೆಪೆಗ್?"

"ಅದ್ರ ಮೇಲೇ ಸೇವ್ ಮಾಡ್ದೆ."

"ಕೈ ಮುರಿದು ಬೀಳಾ ನಿಮ್ದು!" ಎಂದು ಸುಧಾ ಕುರ್ಚಿಯನ್ನು ಹಿಂದಕ್ಕೆ ಒದ್ದಳು. ಗಿರಾಕಿಯ ಮುಂದೆ ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲು. "ಒಬ್ಬ ಮನುಷ್ಯನ ಮಾನ ಇತ್ತು ಕಣ್ರೀ ಅದ್ರಲ್ಲಿ! ಬಟ್ಟೆ ಒಗೆದ ನೀರು ಚೆಲ್ಲಿದ ಹಾಗೆ ಚೆಲ್ಲಿಬಿಟ್ರಾ?"

"ನಂಗೇನ್ ಕನಸು ಬಿದ್ದಿತ್ತಾ?" ಕನಕರಾಜುವಿಗೂ ರೇಗಿತು. "ಅಲ್ದೆ ಇದ್ರಲ್ಲಿ ನಾವ್ಯಾಕೆ ತಲೆ ಹಾಕ್ಬೇಕು? ಲೈನಿನೋರ್ನ ಎದುರಾಕೊಂಡು ಈ ಅಂಗಡಿ ನಡೀತದಾ? ಇವತ್ತು ನಾನೇ ಅಳುಸ್ದೆ ಅಂತ ಸಾಹೇಬರ ಮುಂದೆ ಒಪ್ಕೊಂಡ್ರೆ, ನಾಳೆ ಊರಲ್ಲಿ ಏನಂತರೆ? ಕನಕರಾಜು ಫೋರ್ಜರಿ ಮಾಡ್ತನೆ ಅಂತರೆ."

"ಅಂದ್ರೆ ಅನ್ನಲಿ. ಸತ್ತೋರ್ನ ಕಳ್ಳ ಅಂದದ್ದು ನಿಮ್ಗೆ ಕೇಳಿಸ್ಲಿಲ್ವಾ?"

ಸಿದ್ದಲಿಂಗಮ್ಮ ಆಲ್ಬಂ ಎತ್ತಿಕೊಂಡಳು. "ಬುಡವ್ವ, ಜಗಳ ಆಡ್ಬೇಡಿ. ಇರದೇ ಇಲ್ಲ ಅಂದ್ಮೇಲೆ ಯಾರೇನ್ ಮಾಡಕಾದದು. ಆ ಸೀಡಿನಾದ್ರೂ ಸರಿಯಾಗಿ ಕೊಟ್ಟಿದ್ರೆ ಆಗೋದು, ಅದೂ ಅರ್ಧ ಓಡ್ತಿರ್ಲಿಲ್ಲ."

ಸುಧಾ ಆಲ್ಬಮ್ಮಿನ ಅಂಚು ಹಿಡಿದು ಅವಳನ್ನು ನಿಲ್ಲಿಸಿದಳು. "ಅರ್ಧ ಓಡ್ತಿರಲಿಲ್ಲ ಅಂದ್ರೆ?"

"ಟಿವಿ ಕೆಳ್ಗಡೆ ಪ್ಲೇಯರ್‌ಗೆ ಹಾಕುದ್ರೆ ಒಂದು ಫೋಟೊ ಬರೋದು, ಒಂದು ಬರ್ತಿರ್ಲಿಲ್ಲ. ಹಾಳಾದ್ದು ಅಂತ ಸೀರೆ ಪೆಟ್ಟಿಗೆಗೆ ಹಾಕ್ದೆ."

ಸುಧಾ ಗಂಡನನ್ನು ನೋಡಿದಳು. ಅವನ ಕೆಲಸದ ರೀತಿ ಅವಳಿಗೆ ಗೊತ್ತು. ಆಲ್ಬಂ ಜೊತೆಗೆ ಗಿರಾಕಿಗೆ ಸೀಡಿ ಕೊಡುವಾಗ ಅವನು ಒಂದೊಂದು ಫೋಟೊ ಆರಿಸುವವನಲ್ಲ. ಇಡೀ ಫೋಲ್ಡರನ್ನೇ ಎಳೆದು ಹಾಕಿಬಿಡುತ್ತಾನೆ. ಅದರಲ್ಲಿ ತಿದ್ದಿದ ಜೆಪೆಗ್ ಇರುತ್ತದೆ, ಪಕ್ಕದಲ್ಲೇ ಅದೇ ನಂಬರಿನ ರಾ ಇರುತ್ತದೆ. ಫೋಟೊಶಾಪಿನಲ್ಲಿ ಎಷ್ಟು ಸಲ ಸೇವ್ ಒತ್ತಿದರೂ ರಾ ಮೇಲೆ ಬರೆಯಲಾಗುವುದಿಲ್ಲ, ಅದು ಬೇರೆಯೇ ಫೈಲಾಗಿ ಉಳಿಯುತ್ತದೆ. ಟಿವಿ ಪ್ಲೇಯರಿಗೆ ಆ ಭಾಷೆ ಬರುವುದಿಲ್ಲ, ಅಷ್ಟೇ.

"ನಿಮ್ಮ ಸೋಮಾರಿತನಕ್ಕೆ ಏನು ಅನ್ನಬೇಕೋ ಗೊತ್ತಾಗ್ತಿಲ್ಲ," ಎಂದಳು ಅವನಿಗೆ. ಆಮೇಲೆ ಸಿದ್ದಲಿಂಗಮ್ಮನ ಕೈ ಹಿಡಿದಳು. "ಅಕ್ಕ, ಆ ಓಡದ ಅರ್ಧವೇ ನಮಗೆ ಬೇಕಾದ್ದು. ಸೀಡಿಗೆ ಗೀರು ಬೀಳದ ಹಾಗೆ, ಸೀರೆ ಸಮೇತ ಬೇಕಾದ್ರೂ ತನ್ನಿ. ಶುಕ್ರವಾರ ಸಾಹೇಬರು ಇಲ್ಲಿಗೇ ಬರಲಿ, ಇಲ್ಲೇ ಕಂಪ್ಯೂಟರಿನಲ್ಲಿ ತೆಗೆಯೋಣ."

ಶುಕ್ರವಾರ ಮಧ್ಯಾಹ್ನ ಇಳಿದ ಮೇಲೆ ಜೀಪು ಅಂಗಡಿ ಮುಂದೆ ನಿಂತಿತು. ಪರಿವೀಕ್ಷಕ ನೀಲಕಂಠಸ್ವಾಮಿ ಕತ್ತಿಗೆ ಕನ್ನಡಕ ನೇತುಹಾಕಿಕೊಂಡ, ಮಾತು ಕಡಿಮೆಯ ಮನುಷ್ಯ. ಲೈನ್ ಸಾಹೇಬ ತನ್ನ ಬೈಕಿನಲ್ಲಿ ಬಂದ. ಬಂದವನೇ ಕನಕರಾಜುವಿನ ಹೆಗಲ ಮೇಲೆ ಕೈ ಹಾಕಿ, "ಏನಪ್ಪಾ, ಚೆನ್ನಾಗಿ ನಡೀತದಾ ಅಂಗಡಿ? ವೋಲ್ಟೇಜ್ ಏನೂ ತೊಂದ್ರೆ ಇಲ್ವಲ್ಲ?" ಎಂದ. ಕನಕರಾಜುವಿನ ಮುಖ ಬಿಳಿಚಿಕೊಂಡಿತು.

"ಈಗ ಇಲ್ಲ," ಎಂದಳು ಸುಧಾ. "ಇವತ್ತಿಂದ ಆದ್ರೆ ಯಾಕೆ ಆಯ್ತು ಅಂತ ಈ ಸಾಹೇಬ್ರಿಗೂ ಗೊತ್ತಿರುತ್ತೆ."

ಸಿದ್ದಲಿಂಗಮ್ಮ ಸೀಡಿಯನ್ನು ನಿಜವಾಗಿಯೂ ಸೀರೆಯಲ್ಲಿ ಸುತ್ತಿ ತಂದಿದ್ದಳು. ಕಂಪ್ಯೂಟರ್ ಅದನ್ನು ಗರಗರ ತಿರುಗಿಸಿ, ನಿಂತು, ಮತ್ತೆ ತಿರುಗಿಸಿತು. ಫೈಲುಗಳ ಸಾಲು ಬಂತು. ಸುಧಾ ಆ ನಂಬರಿನ ರಾ ಮೇಲೆ ಒತ್ತಿದಳು. ಯಂತ್ರ ಬಿಕ್ಕಿತು. ಪರದೆ ಮಂಕಾಗಿ ನಿಂತಿತು.

ಫೋಟೊ ಮೇಲಿನಿಂದ ಕೆಳಕ್ಕೆ ಬಿಡಿಸಿಕೊಂಡಿತು. ಅಷ್ಟೇನೂ ನೀಲಿಯಲ್ಲದ ಆಕಾಶ. ಅದನ್ನು ಎಡದಿಂದ ಬಲಕ್ಕೆ ಸೀಳಿದ ತಂತಿ, ನಡುವೆ ಹೊಟ್ಟೆ ಬಿಟ್ಟುಕೊಂಡು, ಅಂಗಳದಲ್ಲಿ ನಿಂತ ಮಂಚಯ್ಯನ ಪೇಟದ ಸ್ವಲ್ಪವೇ ಮೇಲೆ ತೂಗುತ್ತಿತ್ತು. ಅವನು ನಗುತ್ತಿದ್ದ.

ಸಿದ್ದಲಿಂಗಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಇದೂ ಕಂಪ್ಯೂಟರ್ ಕೆಲ್ಸನೇ ಸಾರ್," ಎಂದ ಲೈನ್ ಸಾಹೇಬ. "ಅಳಿಸೋಕೆ ಬಂದೋರ್ಗೆ ಬರೆಯೋಕೆ ಬರಲ್ವಾ? ಹಿಂದ್ಗಡೆ ಇರೋ ತಂತಿ ಮುಂದ್ಗಡೆ ಇದ್ದಂಗೂ ಕಾಣ್ಬೋದು."

ನೀಲಕಂಠಸ್ವಾಮಿ ಕನ್ನಡಕ ಏರಿಸಿದರು. "ದೊಡ್ಡದು ಮಾಡಮ್ಮ. ಪಕ್ಕದಲ್ಲಿ ತಿದ್ದಿದ್ದನ್ನೂ ಇಡು."

ಸುಧಾ ಎರಡನ್ನೂ ಅಕ್ಕಪಕ್ಕ ಇಟ್ಟು ಹಿಗ್ಗಿಸಿದಳು. ಜೆಪೆಗ್‌ನಲ್ಲಿ ಆಕಾಶ ಚೌಕ ಚೌಕವಾಗಿ ಒಡೆಯಿತು. ಸೊಟ್ಟ ಚೌಕಗಳ ಸಾಲು ಕೆಳಗಿಳಿದು ಮೇಲೇರಿತು. ರಾ ಕಡೆ ಮಾತ್ರ ಚೌಕಗಳೇ ಇಲ್ಲ. ಜರಡಿ ಹಿಡಿದ ಹಿಟ್ಟಿನಂಥ ಸಣ್ಣ ಕಾಳು, ಆಕಾಶದಿಂದ ತಂತಿಯ ಅಂಚಿನವರೆಗೆ, ತಂತಿ ದಾಟಿ ಆಚೆಗೂ ಒಂದೇ ಸಮ. ಪರಿವೀಕ್ಷಕರು ಬಹಳ ಹೊತ್ತು ನೋಡಿದರು. ಎಡಗಡೆಯ ತೇಪೆಯ ಸಾಲಿಗೂ ಬಲಗಡೆಯ ತಂತಿಗೂ ಬೆರಳಿಟ್ಟು ಹೋಲಿಸಿದರು.

"ರಾ ಫೈಲಿಗೆ ಫೋಟೊಶಾಪ್ ಬರೆಯೋದಿಲ್ಲ ಕಣ್ರೀ," ಎಂದರು ಲೈನ್ ಸಾಹೇಬನಿಗೆ, ದನಿ ಏರಿಸದೆ. "ನನ್ನ ಹತ್ತಿರವೂ ಕ್ಯಾಮೆರಾ ಇದೆ. ಇನ್ನು ಹಿಂದೆ ಮುಂದೆ ಅಂದ್ರಿ. ತಂತಿಯ ನೆರಳು ಮಂಚಯ್ಯನವರ ಬಿಳಿ ಪಂಚೆ ಮೇಲೆ ಗೆರೆ ಎಳೆದ ಹಾಗೆ ಬಿದ್ದಿದೆ, ನೋಡಿ. ತಾರೀಖು ಫೈಲಿನ ಒಳಗೇ ಇದೆ. ಫೋಟೊದಲ್ಲಿರೋ ಬಾಗಿಲು ಮನೆಯಲ್ಲಿ ಹಾಗೇ ಇದೆ, ಅದರ ಅಳತೆ ತಗೊಂಡ್ರೆ ತಂತಿಯ ಎತ್ತರ ಲೆಕ್ಕ ಹಾಕಬಹುದು." ಆಮೇಲೆ ಕನಕರಾಜುವಿನ ಕಡೆ ತಿರುಗಿದರು. "ತಂತಿ ಅಳಿಸಿದ್ದು ಯಾರು?"

ಕನಕರಾಜು ಲೈನ್ ಸಾಹೇಬನನ್ನು ನೋಡಿದ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ. ಸುಧಾ ಬೇಕೆಂದೇ ಬಾಯಿ ಬಿಡಲಿಲ್ಲ. ಈ ಮಾತನ್ನೂ ತಾನೇ ಆಡಿದರೆ ಇನ್ನು ಈ ಮನುಷ್ಯನ ಜೊತೆ ಬಾಳುವುದು ಹೇಗೆ ಅನ್ನಿಸಿತ್ತು ಅವಳಿಗೆ.

"ನಾನೇ ಸಾರ್," ಎಂದ ಕನಕರಾಜು. "ಮಂಚಣ್ಣ ಹೇಳಿದ್ರು ಅಂತ ಅಳುಸ್ದೆ. ಲೈನ್‌ಮನ್‌ಗೆ ಹೇಳಿ ಸಾಕಾಗದೆ ಅಂದಿದ್ರು. ಅದ್ನೂ ಬರ್ಕೊಳ್ಳಿ. ನಾನು ಸೈನ್ ಹಾಕ್ತೀನಿ."

ಲೈನ್ ಸಾಹೇಬ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. "ಸರಿ ಬುಡಿ ಸಾರ್. ನಮ್ ಲೈನ್ ಹುಡುಗ್ರು ಏನೋ ಹೇಳುದ್ರು, ನಾನು ನಂಬಿ ಬರ್ದೆ. ಆ ಹುಕ್ ಮಾತನ್ನ ತಗ್ದಾಕ್ತೀನಿ. ಆಯ್ತಲ್ಲಮ್ಮ?" ಎಂದು ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸತೊಡಗಿದ.

"ಆಗ್ಲಿಲ್ಲ," ಎಂದಳು ಸಿದ್ದಲಿಂಗಮ್ಮ.

ಬಾಯಿಂದ ಸೆರಗು ತೆಗೆದಿದ್ದಳು. ಕಣ್ಣು ಒಣಗಿತ್ತು.

"ನೀವು ಬರ್ದಿದ್ದು ಆಫೀಸಲ್ಲಿ. ಹೇಳಿದ್ದು ಡೇರಿ ಮುಂದೆ. ಆಫೀಸಿಂದ ತಗ್ದಾಕುದ್ರೆ ನಮ್ಮೂರ್ಗೆ ಹೆಂಗೆ ಗೊತ್ತಾಗ್ಬೇಕು? ಈಗ ಹಾಲಾಕೋ ಹೊತ್ತಾಯ್ತು. ಬನ್ನಿ. ಅಲ್ಲೇ ಬಂದು ಹೇಳಿ."

"ನಂಗೆ ಹೆಗ್ಗಡದೇವನಕೋಟೇಲಿ ಮೀಟಿಂಗ್ ಅದೆ."

"ನಾನು ಅಂಗಳದ ಅಳತೆ ತಗೊಳ್ಳೋಕೆ ಅಲ್ಲಿಗೇ ಹೊರಟಿದ್ದೀನಿ," ಎಂದರು ನೀಲಕಂಠಸ್ವಾಮಿ. "ಸ್ಥಳದಲ್ಲಿ ನೀವು ಇರಲೇಬೇಕು. ಬೈಕ್ ಇಲ್ಲಿರಲಿ, ಜೀಪು ಹತ್ತಿ."

ಸುಧಾ ಸೀಡಿಯನ್ನು ತೆಗೆದು ಸೀರೆಯಲ್ಲಿ ಸುತ್ತಿ ಸಿದ್ದಲಿಂಗಮ್ಮನ ಕೈಗೆ ಕೊಟ್ಟಳು. ಕನಕರಾಜು ಒಳಗೆ ಹೋಗುವವನಿದ್ದ. "ಎಲ್ಲಿಗೆ? ನೀವೂ ಹತ್ತಿ," ಎಂದು ಅಂಗಡಿಯ ಷಟರ್ ಎಳೆದಳು. "ಸೈನ್ ಹಾಕ್ತೀನಿ ಅಂದ್ರಲ್ಲ, ಜನರ ಮುಂದೆ ಹಾಕಿ."

ಬೀಚನಹಳ್ಳಿ ರಸ್ತೆಯಲ್ಲಿ ಜೀಪು ಕುಲುಕಿಕೊಂಡು ಸಿದ್ದಲಿಂಗಮ್ಮನ ಊರು ಮುಟ್ಟಿತು. ಡೇರಿ ಮುಂದೆ ಕ್ಯಾನುಗಳ ಸಾಲಿತ್ತು. ಜೀಪಿನಿಂದ ಇಳಿದವರನ್ನು ಕಂಡು ಹಾಲು ಅಳೆಯುವವನ ಕೈ ನಿಂತಿತು. ಸಿದ್ದಲಿಂಗಮ್ಮ ಸಾಲಿನ ಪಕ್ಕ ಹೋಗಿ, ಲೈನ್ ಸಾಹೇಬನಿಗೆ ಮುಖ ಮಾಡಿ ನಿಂತಳು. ಅವಳ ಪಕ್ಕದಲ್ಲಿ ಸುಧಾ ನಿಂತಳು. ಎದೆಯೊಳಗಿನ ಉರಿ ಇನ್ನೂ ಹಾಗೇ ಇತ್ತು. ಗೆದ್ದೆವು ಎಂದು ಅವಳಿಗೆ ಅನ್ನಿಸಲಿಲ್ಲ. ಮಂಚಯ್ಯ ಲೈನ್‌ಮನ್‌ಗೆ ಹೇಳಿದ ದಿನವೇ ಆ ಕಂಬ ನೆಟ್ಟಿದ್ದರೆ ಅವನೂ ಈ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿರುತ್ತಿದ್ದ.

ಲೈನ್ ಸಾಹೇಬ ನೆಲ ನೋಡುತ್ತ, "ಮಂಚಯ್ಯ ಕಳ್ತನ ಮಾಡಿರ್ಲಿಲ್ಲ, ತಂತಿ ಕೆಳಗಿತ್ತು," ಎಂದು ಗೊಣಗಿದ.

"ಕೇಳಿಸ್ಲಿಲ್ಲ," ಎಂದಳು ಸಿದ್ದಲಿಂಗಮ್ಮ. "ಅವತ್ತು ಹೇಳ್ದಷ್ಟು ಜೋರಾಗಿ ಹೇಳಿ."